ಅತ್ತೆಯ ಶುಗರ್ ಫ್ರೀ ಬಿಸ್ಕತ್ತು

ಮಂಡ್ಯದಲ್ಲಿರುವ ನನ್ನ ಸೋದರತ್ತೆಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಸಕ್ಕರೆ ನಾಡಿನಲ್ಲಿ ಹುಟ್ಟಿ, ಆಲೆಮನೆಯ ಹೊಗೆ ಕುಡಿದು ಬೆಳೆದ ಹೆಂಗಸು. ಕಾಫಿಗೆ ಬೆಲ್ಲ ಬಿಟ್ಟದ್ದೇ ಆಕೆಯ ಪಾಲಿಗೆ ದೊಡ್ಡ ತ್ಯಾಗ. ಹಾಗಾಗಿ ಕಾಫಿ ಜೊತೆ ನಾಲ್ಕು ಬಿಸ್ಕತ್ತು ತಿನ್ನಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ಅದೂ ಎಂಥ ಬಿಸ್ಕತ್ತು! ಹಸಿರು ಪ್ಯಾಕೆಟ್ಟು, ಮೇಲೆ ರಾಗಿ ತೆನೆಯ ಚಿತ್ರ, ಮುಂದುಗಡೆ ನಾಲ್ಕು ಮಾತು: ಶುಗರ್ ಫ್ರೀ, ಮಲ್ಟಿಗ್ರೇನ್, ಪ್ರೋಟೀನ್ ಇದೆ, ನ್ಯಾಚುರಲ್.

"ಸಕ್ರೆನೇ ಇಲ್ವಂತೆ ಕಣ್ಲಾ ಮಗ, ಆದ್ರೂ ಶುಗರ್ ಏರ್ತದೆ. ಮಿಷನ್ನೇ ಕೆಟ್ಟೋಗದೋ ಏನೋ ನೋಡು" ಅಂತ ಅತ್ತೆ ಗ್ಲೂಕೋಮೀಟರನ್ನು ನನ್ನ ಕೈಗಿಟ್ಟಳು.

ಮಿಷನ್ನು ಕೆಟ್ಟಿರಲಿಲ್ಲ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ 132 ಇತ್ತು. ಸಕ್ಕರೆ ಇಲ್ಲದ ಕಾಫಿ ಮತ್ತು ನಾಲ್ಕು ಬಿಸ್ಕತ್ತು ಆದ ಒಂದು ಗಂಟೆಗೆ 186. ಮಾರನೆಯ ದಿನ ಅಷ್ಟೇ ತೂಕದ ಮಾಮೂಲಿ ಸಿಹಿ ಬಿಸ್ಕತ್ತು ಕೊಟ್ಟು ನೋಡಿದೆ. 195 ಬಂತು. ಮನೆಯ ಮೀಟರಿನಲ್ಲಿ ನೂರಕ್ಕೆ ಹದಿನೈದರಷ್ಟು ಹೆಚ್ಚುಕಮ್ಮಿ ಆಗುವುದು ಮಾಮೂಲು. ಹಾಗಾಗಿ 186ಕ್ಕೂ 195ಕ್ಕೂ ವ್ಯತ್ಯಾಸವಿದೆ ಅಂತ ಹೇಳಲಾಗದು. ಒಬ್ಬರ ಮೇಲೆ ಎರಡು ದಿನ ಮಾಡಿದ ಪರೀಕ್ಷೆಯಿಂದ ಏನನ್ನೂ ಸಾಧಿಸಿದ ಹಾಗೂ ಆಗುವುದಿಲ್ಲ. ಆದರೆ ಅತ್ತೆಯ ಅನುಮಾನಕ್ಕೆ ಆಧಾರವಿತ್ತು. ನಾನು ಮೈಸೂರಿನ ಒಂದು ಬಿಸ್ಕತ್ತು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಪ್ಯಾಕೆಟ್ ತಿರುಗಿಸಿದೆ.

ಹಿಂದುಗಡೆ ಬರೆದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಮುಂದಿನ ಹೆಸರಷ್ಟೇ ಕನ್ನಡದಲ್ಲೂ ಇತ್ತು. ಇದು ಕಾನೂನಿಗೆ ವಿರುದ್ಧವೇನಲ್ಲ. ಲೇಬಲ್ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಬಹುದು ಅನ್ನುವುದು ನಿಯಮ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಅತ್ತೆಗೆ ಮುಂದಿನ ಆಸೆ ಅರ್ಥವಾಗುತ್ತದೆ, ಹಿಂದಿನ ಲೆಕ್ಕ ಅರ್ಥವಾಗುವುದಿಲ್ಲ. ನನಗೆ ಸಿಟ್ಟು ಬರುವುದು ಇದೊಂದಕ್ಕೇ.

ಪದಾರ್ಥಗಳ ಪಟ್ಟಿ ಹೀಗಿತ್ತು: ಮೈದಾ 52%, ಪಾಮ್ ಎಣ್ಣೆ, ಮಾಲ್ಟಿಟಾಲ್ (965), ಮಲ್ಟಿಗ್ರೇನ್ ಮಿಶ್ರಣ 6% (ರಾಗಿ 2.5%, ಓಟ್ಸ್ 2%, ಜೋಳ 1%, ಬಾರ್ಲಿ 0.5%), ಮಾಲ್ಟೋಡೆಕ್ಸ್‌ಟ್ರಿನ್, ಸೋಯಾ ಪ್ರೋಟೀನ್, ಸೋಡಾ, ಉಪ್ಪು, ಸುಕ್ರಲೋಸ್ (955). ಕೆಳಗಿನ ಪೋಷಕಾಂಶದ ಪಟ್ಟಿಯಲ್ಲಿ 100 ಗ್ರಾಂಗೆ ಪ್ರೋಟೀನ್ 8 ಗ್ರಾಂ, ಕಾರ್ಬೋಹೈಡ್ರೇಟ್ 68 ಗ್ರಾಂ, ಅದರಲ್ಲಿ ಒಟ್ಟು ಸಕ್ಕರೆ 0.4 ಗ್ರಾಂ, ಪಾಲಿಯಾಲ್ ಅನ್ನುವ ಸಕ್ಕರೆ ಬದಲಿನ ಸಿಹಿ ಪದಾರ್ಥ 14 ಗ್ರಾಂ, ಕೊಬ್ಬು 19 ಗ್ರಾಂ.

ಶುಗರ್ ಫ್ರೀ ಅನ್ನುವ ಮಾತು ಇಲ್ಲಿ ಸುಳ್ಳಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮದ ಪ್ರಕಾರ, ಗಟ್ಟಿ ಪದಾರ್ಥವಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. ದ್ರವವಾದರೆ 100 ಮಿ.ಲೀ.ಗೆ ಅದೇ ಲೆಕ್ಕ. ನಮ್ಮ ಪ್ಯಾಕೆಟ್ಟಿನಲ್ಲಿ 0.4 ಇದೆ, ಪಾಸು. ಕಥೆ ಶುರುವಾಗುವುದು 'ಸಕ್ಕರೆ' ಅನ್ನುವ ಪದದಿಂದ. ನಿಯಮದ ಕಣ್ಣಿಗೆ ಸಕ್ಕರೆ ಅಂದರೆ ಒಂದೇ ಕೊಂಡಿಯ ಅಥವಾ ಎರಡು ಕೊಂಡಿಯ ಅಣುಗಳು ಮಾತ್ರ. ಗ್ಲೂಕೋಸ್, ಫ್ರಕ್ಟೋಸ್, ನಾವು ಡಬ್ಬಿಯಲ್ಲಿಡುವ ಸಕ್ಕರೆ, ಹಾಲಿನ ಲ್ಯಾಕ್ಟೋಸ್ ಇವೆಲ್ಲ ಅದರಲ್ಲಿ ಬರುತ್ತವೆ. ಮೈದಾದಲ್ಲಿರುವ ಪಿಷ್ಟವೂ ಗ್ಲೂಕೋಸಿನ ಸರಪಳಿಯೇ. ಆದರೆ ಅದರಲ್ಲಿ ನೂರಾರು, ಸಾವಿರಾರು ಕೊಂಡಿಗಳಿರುವುದರಿಂದ ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ. ನಾಲಿಗೆಗೂ ಸಿಹಿ ಹತ್ತುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಆ ಸರಪಳಿ ತುಂಡುತುಂಡಾಗಿ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತದೆ. ಹಾಗಾಗಿ ಶುಗರ್ ಫ್ರೀ ಅನ್ನುವುದು ತಿನ್ನುವ ಪದಾರ್ಥದಲ್ಲಿ ಏನಿಲ್ಲ ಅಂತ ಹೇಳುತ್ತದೆಯೇ ಹೊರತು, ತಿಂದ ಮೇಲೆ ರಕ್ತದಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ.

ಅತ್ತೆಯ ನಾಲ್ಕು ಬಿಸ್ಕತ್ತಿನ ಲೆಕ್ಕ ಹಾಕೋಣ. ಒಂದೊಂದು ಏಳೂವರೆ ಗ್ರಾಂ, ನಾಲ್ಕಕ್ಕೆ 30 ಗ್ರಾಂ. ಅದರಲ್ಲಿ ಕಾರ್ಬೋಹೈಡ್ರೇಟ್ ಸುಮಾರು 20 ಗ್ರಾಂ. ಅದರಿಂದ ಪೂರ್ತಿ ಜೀರ್ಣವಾಗದ 4 ಗ್ರಾಂ ಪಾಲಿಯಾಲ್ ಕಳೆದರೆ ಉಳಿಯುವುದು 16 ಗ್ರಾಂ, ಬಹುಪಾಲು ಮೈದಾದ ಪಿಷ್ಟ. ಚಮಚಕ್ಕೆ 5 ಗ್ರಾಂ ಅಂತ ಇಟ್ಟುಕೊಂಡರೆ ಮೂರು ಚಮಚ ಸಕ್ಕರೆಯ ತೂಕ ಅದು. ಇನ್ನೊಂದು ಸಂಗತಿಯಿದೆ. ಡಬ್ಬಿಯ ಸಕ್ಕರೆಯಲ್ಲಿ ಅರ್ಧ ಮಾತ್ರ ಗ್ಲೂಕೋಸ್, ಮಿಕ್ಕರ್ಧ ಫ್ರಕ್ಟೋಸ್. ಮೈದಾದ ಪಿಷ್ಟ ಪೂರ್ತಿ ಗ್ಲೂಕೋಸ್. ಮಾಮೂಲಿ ಸಿಹಿ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಕಾರ್ಬೋಹೈಡ್ರೇಟ್ 70ರಿಂದ 75 ಗ್ರಾಂ ಇರುತ್ತದೆ, ಇಲ್ಲಿ 68. ಮೀಟರು ಎರಡು ದಿನವೂ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಸಕ್ಕರೆ ತೆಗೆದರೂ ಕಾರ್ಬೋಹೈಡ್ರೇಟ್ ಯಾಕೆ ಇಳಿಯಲಿಲ್ಲ? ಇದು ಕಾರ್ಖಾನೆಯ ಒಳಗಿದ್ದವರಿಗೆ ಚೆನ್ನಾಗಿ ಗೊತ್ತು. ಬಿಸ್ಕತ್ತಿನಲ್ಲಿ ಸಕ್ಕರೆ ಸಿಹಿಗಷ್ಟೇ ಇರುವುದಲ್ಲ. ಹಿಟ್ಟು ಒಲೆಯಲ್ಲಿ ಹರಡುವುದು, ಆರಿದ ಮೇಲೆ ಗರಿಗರಿಯಾಗುವುದು, ಮೇಲೆ ಹೊಂಬಣ್ಣ ಬರುವುದು ಇದಕ್ಕೆಲ್ಲ ಸಕ್ಕರೆ ಬೇಕು. ನೂರು ಗ್ರಾಂ ಬಿಸ್ಕತ್ತಿನಲ್ಲಿ ಇಪ್ಪತ್ತು ಗ್ರಾಂ ಸಕ್ಕರೆಯಿದ್ದರೆ, ತೆಗೆದ ಮೇಲೆ ಆ ಇಪ್ಪತ್ತು ಗ್ರಾಂ ಜಾಗ ಖಾಲಿ ಬೀಳುತ್ತದೆ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಆದ್ದರಿಂದ ಚಿಟಿಕೆಯೂ ಹೆಚ್ಚೇ. ಸಿಹಿ ಬಂತು, ಜಾಗ ಮಾತ್ರ ತುಂಬಲಿಲ್ಲ. ಆ ಜಾಗ ತುಂಬಲು ಬರುವುದೇ ಮಾಲ್ಟಿಟಾಲ್ ಮತ್ತು ಮಾಲ್ಟೋಡೆಕ್ಸ್‌ಟ್ರಿನ್.

ಇವೆರಡೂ ಒಂದೇ ಥರದ್ದಲ್ಲ, ಹೆಸರು ಹತ್ತಿರ ಹತ್ತಿರ ಇದೆ ಅಷ್ಟೇ. ಮಾಲ್ಟಿಟಾಲ್ ಪಾಲಿಯಾಲ್ ಗುಂಪಿನದು. ಸಕ್ಕರೆಯಷ್ಟು ವೇಗವಾಗಿ ರಕ್ತಕ್ಕೆ ಸೇರುವುದಿಲ್ಲ, ಶಕ್ತಿಯೂ ಸಕ್ಕರೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಸೊನ್ನೆಯಲ್ಲ, ಒಂದಷ್ಟು ಗ್ಲೂಕೋಸ್ ಏರಿಸಿಯೇ ಏರಿಸುತ್ತದೆ. ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಹೋಗಿ ನೀರು ಎಳೆದುಕೊಳ್ಳುತ್ತದೆ. ಪಾಲಿಯಾಲ್ ನೂರಕ್ಕೆ ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ 'ಭೇದಿಯಾಗಬಹುದು' ಅನ್ನುವ ಅರ್ಥದ ಎಚ್ಚರಿಕೆಯನ್ನು ಪ್ಯಾಕೆಟ್ಟಿನ ಮೇಲೆ ಹಾಕಬೇಕು. ಅತ್ತೆಯ ಪ್ಯಾಕೆಟ್ಟಿನಲ್ಲಿ 14 ಇತ್ತು, ಎಚ್ಚರಿಕೆಯೂ ಇತ್ತು, ಇಂಗ್ಲಿಷಿನಲ್ಲಿ. ಕಳೆದ ಗೌರಿ ಹಬ್ಬದಲ್ಲಿ ಅರ್ಧ ಡಬ್ಬಿ ಖಾಲಿ ಮಾಡಿ ಎರಡು ದಿನ ಪರದಾಡಿದ್ದನ್ನು ಅತ್ತೆ ಒಬ್ಬಟ್ಟಿನ ಮೇಲೆ ಹಾಕಿದ್ದಳು. ಪಾಪ ಒಬ್ಬಟ್ಟು.

ಮಾಲ್ಟೋಡೆಕ್ಸ್‌ಟ್ರಿನ್ ಬೇರೆ ಜಾತಿ. ಪಿಷ್ಟದ ಉದ್ದ ಸರಪಳಿಯನ್ನು ಸಣ್ಣ ಸಣ್ಣ ತುಂಡು ಮಾಡಿದರೆ ಸಿಗುವ ಬಿಳಿ ಪುಡಿ ಅದು. ಹೆಚ್ಚಿನ ತುಂಡುಗಳಲ್ಲಿ ಎರಡಕ್ಕಿಂತ ಹೆಚ್ಚು ಕೊಂಡಿ ಇರುವುದರಿಂದ ಅವು ನಿಯಮದಲ್ಲಿ ಸಕ್ಕರೆಯಲ್ಲ. ಆದರೆ ಸರಪಳಿ ಅದಾಗಲೇ ತುಂಡಾಗಿರುವುದರಿಂದ ಹೊಟ್ಟೆಗೆ ಕೆಲಸವೇ ಇಲ್ಲ. ರಕ್ತದ ಗ್ಲೂಕೋಸನ್ನು ಡಬ್ಬಿಯ ಸಕ್ಕರೆಗಿಂತಲೂ ಬೇಗ ಏರಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆಂದೇ ಮಾರುವ ಪ್ಯಾಕೆಟ್ಟಿನಲ್ಲಿ ಇದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿ. ಶುಗರ್ ಫ್ರೀ ಅಂತ ಬರೆದದ್ದನ್ನು ಕೊಳ್ಳುವಾಗ ಒಂದೇ ಒಂದು ಸಾಲು ಓದಲು ಪುರುಸೊತ್ತಿದ್ದರೆ 'ಒಟ್ಟು ಸಕ್ಕರೆ' ಬಿಟ್ಟು 'ಕಾರ್ಬೋಹೈಡ್ರೇಟ್' ಸಾಲನ್ನು ಓದಿ.

ಇನ್ನು ಮಲ್ಟಿಗ್ರೇನ್. ಪದದ ಅರ್ಥ ಒಂದಕ್ಕಿಂತ ಹೆಚ್ಚು ಧಾನ್ಯ ಅಂತ ಅಷ್ಟೇ. ಎಷ್ಟು ಅಂತಲ್ಲ, ಹೊಟ್ಟು ಸಮೇತವೋ ತೆಗೆದದ್ದೋ ಅಂತಲೂ ಅಲ್ಲ. ಆದರೆ ಇಲ್ಲಿ ನಿಯಮ ನಮಗೆ ಒಂದು ಕೀಲಿ ಕೊಟ್ಟಿದೆ. ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಗೆ ಇಳಿಸುತ್ತಾ ಬರೆಯಬೇಕು. ಚಿತ್ರ ಹಾಕಿ ಅಥವಾ ಹೆಸರು ಹೇಳಿ ಯಾವುದನ್ನು ಎತ್ತಿ ತೋರಿಸುತ್ತಾರೋ ಅದು ನೂರಕ್ಕೆ ಎಷ್ಟಿದೆ ಅಂತಲೂ ಬರೆಯಬೇಕು. ಮುಂದೆ ರಾಗಿ ತೆನೆ ಬರೆದದ್ದಕ್ಕೇ ಹಿಂದೆ 'ರಾಗಿ 2.5%' ಅಂತ ಬಾಯಿ ಬಿಡಬೇಕಾಯಿತು.

75 ಗ್ರಾಂ ಪ್ಯಾಕೆಟ್ಟಿನಲ್ಲಿ 2.5% ಅಂದರೆ ಎರಡು ಗ್ರಾಂಗೂ ಕಡಿಮೆ ರಾಗಿ. ನಮ್ಮ ಕಡೆ ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಅಂತಿಟ್ಟುಕೊಂಡರೂ, ಆ ಒಂದು ಮುದ್ದೆಯ ರಾಗಿ ಹೊಟ್ಟೆಗೆ ಹೋಗಲು ಐವತ್ತಮೂರು ಪ್ಯಾಕೆಟ್ ಬಿಸ್ಕತ್ತು ತಿನ್ನಬೇಕು. ಇದನ್ನು ಅತ್ತೆಗೆ ಹೇಳಿದಾಗ ಮೊದಲು ನಂಬಲಿಲ್ಲ, ಆಮೇಲೆ ನಕ್ಕು ನಕ್ಕು ಸುಸ್ತಾದಳು.

ಮಲ್ಟಿಗ್ರೇನ್ ಗೋಧಿ ಹಿಟ್ಟಿಗೂ ಇದೇ ಕಣ್ಣು ಬೇಕು. ಹಲವು ಚೀಲಗಳಲ್ಲಿ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಗೋಧಿಯೇ ಇರುತ್ತದೆ, ಮಿಕ್ಕ ಐದಾರು ಧಾನ್ಯ ಸೇರಿ ಒಂದು ಪಾಲು. ಗೋಧಿ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಹೆಚ್ಚಿನ ದುಡ್ಡು ಕೊಡುತ್ತಿದ್ದೇವೆ ಅನ್ನುವುದು ಗೊತ್ತಿದ್ದರೆ ಒಳ್ಳೆಯದು. ಅದೇ ಗೋಧಿಗೆ ನಮಗೆ ಬೇಕಾದಷ್ಟು ಜೋಳ, ಕಡಲೆ ಬೆರೆಸಿ ಮಿಷನ್ನಿಗೆ ಹಾಕಿಸಿಕೊಂಡು ಬರುವ ಅಭ್ಯಾಸ ಮೈಸೂರಿನ ಹಳೇ ಬಡಾವಣೆಗಳಲ್ಲಿ ಇನ್ನೂ ಇದೆ.

ಧಾನ್ಯದ ಮಾತು ನಿಜವೋ ಅಂತ ನೋಡಲು ನಾನು ಬಳಸುವ ಗುರುತು ನಾರಿನಂಶ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲೂ ಗೋಧಿ ಹಿಟ್ಟಿನಲ್ಲೂ ನಾರು ಸುಮಾರು 11 ಗ್ರಾಂ, ಮೈದಾದಲ್ಲಿ 3 ಗ್ರಾಂ ಒಳಗೆ. ಇಡೀ ಧಾನ್ಯ ನಿಜವಾಗಿ ಹೆಚ್ಚಿದ್ದರೆ ನಾರಿನ ಅಂಕಿ ಏರಲೇಬೇಕು. ನಾರನ್ನು ಬರೆಯುವುದು ಕಡ್ಡಾಯವಲ್ಲ, ಅದರ ಬಗ್ಗೆ ಹೇಳಿಕೆ ಮಾಡಿದರೆ ಮಾತ್ರ ಬರೆಯಬೇಕು. ಆದ್ದರಿಂದ ಮಲ್ಟಿಗ್ರೇನ್ ಅಂತ ದೊಡ್ಡದಾಗಿ ಕೂಗಿ ನಾರಿನ ಸಾಲನ್ನೇ ಬಿಟ್ಟಿದ್ದರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಅಂತಲೇ ನಾನು ತಿಳಿಯುತ್ತೇನೆ. ಅತ್ತೆಯ ಪ್ಯಾಕೆಟ್ಟಿನಲ್ಲಿ ಆ ಸಾಲು ಇರಲಿಲ್ಲ.

ಪ್ರೋಟೀನ್ ವಿಷಯಕ್ಕೆ ಬಂದರೆ, ನಿಯಮದಲ್ಲಿ ಎರಡು ಮೆಟ್ಟಿಲಿದೆ. 'ಪ್ರೋಟೀನ್ ಇದೆ' ಅನ್ನಲು ದಿನಕ್ಕೆ ಬೇಕಾದ ಪ್ರೋಟೀನಿನ ನೂರಕ್ಕೆ ಹತ್ತು ಪಾಲು 100 ಗ್ರಾಂ ಪದಾರ್ಥದಲ್ಲಿರಬೇಕು. 'ಹೈ ಪ್ರೋಟೀನ್' ಅನ್ನಲು ಇಪ್ಪತ್ತು ಪಾಲು. ಐಸಿಎಂಆರ್ 2020ರಲ್ಲಿ ಹೇಳಿದಂತೆ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು. ಆ ಲೆಕ್ಕದಲ್ಲಿ ಮೊದಲ ಮೆಟ್ಟಿಲು 5.4 ಗ್ರಾಂ, ಎರಡನೆಯದು 10.8 ಗ್ರಾಂ. ಈ ಮೆಟ್ಟಿಲು ಎಷ್ಟು ತಗ್ಗು ಅಂತ ತಿಳಿಯಬೇಕಾದರೆ ಮೈದಾದ ಅಂಕಿ ನೋಡಿ. ನೂರು ಗ್ರಾಂ ಒಣ ಮೈದಾದಲ್ಲಿಯೇ 10 ಗ್ರಾಂ ದಾಟಿ ಪ್ರೋಟೀನ್ ಇದೆ. ಏನೂ ಸೇರಿಸದ ಮೈದಾ ಮೊದಲ ಮೆಟ್ಟಿಲು ಹತ್ತಿ ಎರಡನೆಯದನ್ನು ಮುಟ್ಟುವಷ್ಟು ಹತ್ತಿರ ನಿಂತಿದೆ. ಮೈದಾ ಬಿಸ್ಕತ್ತಿಗೆ ಒಂದಿಷ್ಟು ಸೋಯಾ ಉದುರಿಸಿ 'ಪ್ರೋಟೀನ್ ಇದೆ' ಅನ್ನುವುದು ಸಾಹಸವೇನಲ್ಲ.

ಮತ್ತೆ, ಲೆಕ್ಕ 100 ಗ್ರಾಂಗೆ, ತಿನ್ನುವುದು 30 ಗ್ರಾಂ. ನಾಲ್ಕು ಬಿಸ್ಕತ್ತಿನಲ್ಲಿ ಸಿಗುವ ಪ್ರೋಟೀನ್ 2.4 ಗ್ರಾಂ. ಅದೇ 30 ಗ್ರಾಂ ಹುರಿಗಡಲೆ ತಿಂದರೆ ಆರು ಗ್ರಾಂ ಹತ್ತಿರ ಸಿಗುತ್ತದೆ. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಇನ್ನೊಂದು ಕೈಚಳಕ ಉಂಟು: 'ಒಂದು ಲೋಟಕ್ಕೆ ಇಷ್ಟು ಪ್ರೋಟೀನ್' ಅಂತ ಬರೆದು ಪಕ್ಕದಲ್ಲಿ ಚುಕ್ಕಿ ಹಾಕಿರುತ್ತಾರೆ. ಚುಕ್ಕಿ ಹಿಡಿದು ಕೆಳಗೆ ಹೋದರೆ 'ಹಾಲಿನ ಜೊತೆ' ಅಂತ ಇರುತ್ತದೆ. ಪ್ರೋಟೀನು ನಮ್ಮ ಹಾಲಿನದು, ಹೆಸರು ಅವರ ಪುಡಿಯದು.

ನ್ಯಾಚುರಲ್ ಅನ್ನುವುದು ನಾಲ್ಕರಲ್ಲಿ ಅತಿ ಸಡಿಲ ಪದ ಅಂತ ಜನ ತಿಳಿದಿದ್ದಾರೆ. ಕಾಗದದ ಮೇಲೆ ನೋಡಿದರೆ ಅದರ ನಿಯಮವೇ ಎಲ್ಲಕ್ಕಿಂತ ಬಿಗಿ. ಒಂದೇ ಪದಾರ್ಥವಾಗಿರಬೇಕು, ಅದಕ್ಕೆ ಏನನ್ನೂ ಸೇರಿಸಿರಬಾರದು, ತಿನ್ನಲು ಯೋಗ್ಯವಾಗಲು ಬೇಕಾದ ಹುರಿಯುವುದು, ಒಣಗಿಸುವುದು, ಕಾಯಿಸುವುದು ಇಂಥವನ್ನಷ್ಟೇ ಮಾಡಿರಬೇಕು. ಹತ್ತಾರು ಪದಾರ್ಥ ಬೆರೆಸಿದ ಬಿಸ್ಕತ್ತು ತಾನು ನ್ಯಾಚುರಲ್ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ಹೆಚ್ಚೆಂದರೆ, ಒಳಗಿನ ಎಲ್ಲ ಪದಾರ್ಥವೂ ಆ ಷರತ್ತಿಗೆ ಒಪ್ಪುವುದಾದರೆ, 'ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು' ಅನ್ನಬಹುದು.

ಹಾಗಾದರೆ ಈ ಪ್ಯಾಕೆಟ್ಟಿನ ಮೇಲೆ ಆ ಪದ ಹೇಗೆ ಬಂತು? ಭೂತಗನ್ನಡಿ ಹಿಡಿದು ನೋಡಿದೆ. ಅದು ಬ್ರ್ಯಾಂಡಿನ ಹೆಸರಿನ ಒಂದು ತುಂಡು! ಹೆಸರಿನಲ್ಲೇ ನ್ಯಾಚುರಲ್, ಫ್ರೆಶ್, ಪ್ಯೂರ್ ಥರದ ಪದ ಇದ್ದು ಅದು ತಪ್ಪು ತಿಳಿವಳಿಕೆಗೆ ಕಾರಣವಾಗುವಂತಿದ್ದರೆ, 'ಇದು ಬರೀ ಬ್ರ್ಯಾಂಡ್ ಹೆಸರು, ಪದಾರ್ಥದ ನಿಜ ಗುಣವನ್ನು ಹೇಳುವುದಿಲ್ಲ' ಅನ್ನುವ ಅರ್ಥದ ಸಾಲನ್ನು ಕನಿಷ್ಠ 3 ಮಿ.ಮೀ. ಅಕ್ಷರದಲ್ಲಿ ಹಾಕಬೇಕು. ಸಾಲು ಇತ್ತು, ಹಸಿರು ಹಿನ್ನೆಲೆಯಲ್ಲಿ ಇನ್ನೊಂದು ಹಸಿರಿನಲ್ಲಿ.

ಎಲ್ಲ ಕೇಳಿಸಿಕೊಂಡ ಅತ್ತೆ ಪ್ಯಾಕೆಟ್ಟನ್ನು ಮೊಮ್ಮಗನಿಗೆ ದಾಟಿಸಿದಳು. ವಾರ ಬಿಟ್ಟು ಹೋದಾಗ ಬೀದಿ ಕೊನೆಯ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿಯ ಹುಡುಗ ಹೊಸದೊಂದು ತೆಗೆದು ಮುಂದಿಟ್ಟ. ಮಣ್ಣಿನ ಬಣ್ಣದ ಕಾಗದ, ಮೇಲೆ 'ರಿಫೈನ್ಡ್ ಶುಗರ್ ಇಲ್ಲ' ಅಂತ ಬರಹ.

"ಮುಂದ್ಗಡೆದು ಬ್ಯಾಡ ಕಣಪ್ಪಾ, ಹಿಂದ್ಗಡೆ ಓದು" ಅಂದಳು ಅತ್ತೆ.

ಹುಡುಗ ಕಣ್ಣು ಕಿರಿದು ಮಾಡಿ ಓದಿದ. ಮೈದಾ, ಪಾಮ್ ಎಣ್ಣೆ, ಬೆಲ್ಲ 24%.

'ಸಕ್ಕರೆ ಸೇರಿಸಿಲ್ಲ' ಅಂತ ಬರೆಯಬೇಕಾದರೆ ಬೆಲ್ಲ, ಜೇನು, ಸಿರಪ್ಪು ಯಾವುದನ್ನೂ ಹಾಕುವ ಹಾಗಿಲ್ಲ. ಬೆಲ್ಲ ಹಾಕಿದವರು ಆ ಮಾತಿನ ಬದಲು 'ರಿಫೈನ್ಡ್' ಅನ್ನುವ ಪದವನ್ನು ಮುಂದೆ ಮಾಡಿಕೊಳ್ಳುತ್ತಾರೆ. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ನಾನು ಇದನ್ನೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಗಲು ಶುರುಮಾಡಿದ್ದಳು.

"ಬೆಲ್ಲ ಯಾತರಲ್ಲಿ ಮಾಡ್ತಾರೆ ಅಂತ ಮಂಡ್ಯದೋರ್ಗೆ ಹೇಳ್ಕೊಡಕ್ಕೆ ಬಂದವ್ರಲ್ಲೋ ಇವ್ರು. ಕಾಲ್ ಕೆ.ಜಿ. ಹುರಿಗಡಲೆ ಕಟ್ಟು."